ಸಾವಿನ ಸುದ್ದಿ, ಸ್ಮರಣೆಯ ಮಾತು

ನಮ್ಮ ವಿಮರ್ಶಕರು ಕವಿತೆ, ಕಥೆ, ಕಾದಂಬರಿಗಳ ಮೇಲೆ ಹರಿಸಿದಷ್ಟು ಕಣ್ಣನ್ನು ಇನ್ನೊಂದು ಬಗೆಯ ಬರವಣಿಗೆಯ ಮೇಲೆ ಹರಿಸಿದಂತೆ ಕಾಣುವುದಿಲ್ಲ. ಯಾರಾದರೂ ತೀರಿಕೊಂಡಾಗ ಫೇಸ್‌ಬುಕ್ಕಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ, ವಾಟ್ಸಾಪಿನ ಸ್ಟೇಟಸ್ಸಿನಲ್ಲಿ ಜನ ಬರೆಯುವ ಶ್ರದ್ಧಾಂಜಲಿಯನ್ನು ಕುರಿತು ಹೇಳುತ್ತಿದ್ದೇನೆ. ಹುಟ್ಟಿದಾರಭ್ಯ ಒಂದು ಪದ್ಯ ಕಟ್ಟದವರೂ, ಪತ್ರಿಕೆಗೆ ಒಂದು ಕಾಗದ ಬರೆಯದವರೂ ಇದನ್ನು ವರ್ಷಕ್ಕೆ ನಾಲ್ಕಾರು ಸಲ ಬರೆಯುತ್ತಾರೆ. ಓದುವವರಂತೂ ಅಸಂಖ್ಯ. ಇಷ್ಟು ಜನ ಬರೆದು ಇಷ್ಟು ಜನ ಓದುವ ಒಂದು ಪ್ರಕಾರಕ್ಕೆ ಗುಣದೋಷ ವಿವೇಚನೆ ಬೇಡವೆನ್ನುವುದು ಹೇಗೆ? ದುಃಖದಲ್ಲಿ ಬರೆದುದನ್ನು ವಿಮರ್ಶಿಸುವುದು ಹೃದಯಹೀನತೆ ಎಂದು ಕೆಲವರು ಅನ್ನಬಹುದು. ದುಃಖದಲ್ಲಿ ಬರೆದುದೆಂಬ ಕಾರಣಕ್ಕೇ ಅದು ಯಾರ ಕಣ್ಣಿಗೆ, ಯಾವ ಹೊತ್ತಿನಲ್ಲಿ, ಹೇಗೆ ಬೀಳುತ್ತದೆ ಎಂಬುದನ್ನು ಹೆಚ್ಚು ಎಚ್ಚರದಿಂದ ನೋಡಬೇಕೆಂದು ನನ್ನ ಅಭಿಪ್ರಾಯ.

ಕಾವ್ಯಮೀಮಾಂಸೆಯಲ್ಲಿ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯಕ್ಕೆ ಬಹು ದೊಡ್ಡ ಸ್ಥಾನ ಕೊಟ್ಟ. ಅಲಂಕಾರವಾಗಲಿ ಗುಣವಾಗಲಿ ತಕ್ಕ ಜಾಗದಲ್ಲಿದ್ದರೆ ಶೋಭೆ, ತಪ್ಪಿದ ಜಾಗದಲ್ಲಿದ್ದರೆ ನಗೆಪಾಟಲು ಎಂಬುದು ಅವನ ವಾದದ ತಿರುಳು. ಈ ಹೊಸ ಪ್ರಕಾರಕ್ಕೆ ಅವನ ಅಳತೆಗೋಲು ಚೆನ್ನಾಗಿ ಹೊಂದುತ್ತದೆ. ಮಾತು ಸುಂದರವಾಗಿದ್ದೂ ಒಂದು ಶ್ರದ್ಧಾಂಜಲಿ ಕ್ರೂರವಾಗಬಲ್ಲುದು. ಅದಕ್ಕೆ ಮಾತು ಕಾರಣವಾಗದೆ, ಹೊತ್ತು, ಚಿತ್ರ ಮತ್ತು ಹೆಸರು ಹಚ್ಚುವ ರೀತಿ ಕಾರಣವಾಗುತ್ತವೆ. ಕವಿತೆಯಲ್ಲಾದರೆ ಇವೆಲ್ಲ ಹೊರಗಿನ ಸಂಗತಿಗಳು. ಇಲ್ಲಿ ಕೃತಿಯ ಅಂಗಗಳೇ.

ಸಾವಿನ ಸುದ್ದಿಗೆ ನಮ್ಮಲ್ಲಿ ಹಿಂದೆ ಒಂದು ಕ್ರಮವಿತ್ತು. ಹಳೆಯ ಕಾಗದಗಳನ್ನು ಬಲ್ಲವರಿಗೆ ನೆನಪಿರಬಹುದು: ಎಲ್ಲ ಪತ್ರಗಳ ನೆತ್ತಿಯ ಮೇಲೂ ಇರುತ್ತಿದ್ದ ‘ಶ್ರೀ’ಕಾರ ಸಾವಿನ ಪತ್ರದಲ್ಲಿ ಇರುತ್ತಿರಲಿಲ್ಲ. ‘ಕ್ಷೇಮ’ ಎಂಬ ಮಾತೂ ಇರುತ್ತಿರಲಿಲ್ಲ. ಓದಿದ ಕೂಡಲೆ ಆ ಕಾಗದವನ್ನು ಹರಿದು ಹಾಕುತ್ತಿದ್ದರು, ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಸುದ್ದಿ ಕೇಳಿದವರು, ಸಂಬಂಧಕ್ಕೆ ತಕ್ಕಂತೆ, ತಲೆಗೆ ಸ್ನಾನ ಮಾಡಬೇಕು, ಸೂತಕ ಹಿಡಿಯಬೇಕು. ಕಿವಿಗೆ ಬಿದ್ದ ಗಳಿಗೆಯಿಂದ ಕೇಳಿದವನ ದಿನಚರಿಯೇ ಬದಲಾಗುತ್ತಿದ್ದುದರಿಂದ, ಹೇಳುವವನು ಎದುರಿನವನ ಸ್ಥಿತಿಯನ್ನು ನೋಡಿ ಹೇಳುತ್ತಿದ್ದ. ಊಟಕ್ಕೆ ಕುಳಿತವನಿಗೆ ಹೇಳುತ್ತಿರಲಿಲ್ಲ. ಎಲೆಯಿಂದೇಳುವವರೆಗೆ ಜಗಲಿಯಲ್ಲಿ ಕಾಯುತ್ತಿದ್ದ. ಗರ್ಭಿಣಿಗೆ ನೇರವಾಗಿ ಹೇಳುತ್ತಿರಲಿಲ್ಲ. ಮನೆಯ ಹಿರಿಯಳಿಗೆ ಹೇಳಿ ಹೋಗುತ್ತಿದ್ದ. ಈ ಆಚರಣೆಗಳನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಅವುಗಳ ಒಳಗೆ ಒಂದು ವಿವೇಕ ಅಡಗಿತ್ತೆಂಬುದನ್ನು ಮರೆಯಬಾರದು: ಸಾವಿನ ಸುದ್ದಿ ಕೇಳುವವನನ್ನು ಒಂದು ರೀತಿಯಲ್ಲಿ ಹೊಡೆಯುತ್ತದೆ, ಆದುದರಿಂದ ಯಾರಿಗೆ ಮೊದಲು, ಯಾರ ಬಾಯಿಂದ, ಯಾವಾಗ ಎಂಬುದು ಸುದ್ದಿಯಷ್ಟೇ ಮುಖ್ಯ.

ಫೇಸ್‌ಬುಕ್ಕಿಗೆ ಜಗಲಿಯಿಲ್ಲ. ಅಲ್ಲಿ ಹೇಳಿದ್ದು ಊಟಕ್ಕೆ ಕುಳಿತವನಿಗೂ, ಗರ್ಭಿಣಿಗೂ, ರೈಲಿನಲ್ಲಿ ಊರಿಗೆ ಧಾವಿಸುತ್ತಿರುವ ಮಗನಿಗೂ ಒಂದೇ ಗಳಿಗೆಯಲ್ಲಿ ತಲುಪುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮೆಲ್ಲರ ಕಣ್ಣೆದುರಿಗೇ ನಡೆದ ಒಂದು ಪ್ರಸಂಗವನ್ನು ನೋಡೋಣ.

‘ನಾನು ಅವನಲ್ಲ... ಅವಳು’ ಚಿತ್ರದ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಗೆಳೆಯನ ಬೈಕಿನ ಹಿಂಬದಿಯಲ್ಲಿ ಕುಳಿತು ಹೋಗುತ್ತಿದ್ದಾಗ ಅಪಘಾತವಾಯಿತು. ತಲೆಗೆ ತೀವ್ರವಾದ ಪೆಟ್ಟು. ಶಸ್ತ್ರಚಿಕಿತ್ಸೆ ನಡೆಯಿತು. 14ನೆಯ ತಾರೀಖು ಸೋಮವಾರ, ಮಿದುಳು ಕೆಲಸ ಮಾಡುತ್ತಿಲ್ಲವೆಂದು ವೈದ್ಯರು ಹೇಳಿರುವುದಾಗಿಯೂ, ಅಂಗಾಂಗಗಳನ್ನು ದಾನಮಾಡಲು ಮನೆಯವರು ನಿರ್ಧರಿಸಿರುವುದಾಗಿಯೂ ಅವರ ಸಹೋದರರು ಸುದ್ದಿಗಾರರಿಗೆ ತಿಳಿಸಿದರು. ಇಷ್ಟು ಹೊರಬಿದ್ದದ್ದೇ ತಡ, ಶ್ರದ್ಧಾಂಜಲಿಗಳ ಮಳೆ ಸುರಿಯಿತು. ಚಿತ್ರರಂಗದ ದೊಡ್ಡವರು ಬರೆದರು, ರಾಜಕಾರಣಿಗಳು ಬರೆದರು, ಸುದ್ದಿಸಂಸ್ಥೆಗಳ ಜಾಲತಾಣಗಳೂ ‘ಇನ್ನಿಲ್ಲ’ ಎಂದು ಹಾಕಿದವು. ಆಮೇಲೆ, ಅವರಿನ್ನೂ ಜೀವರಕ್ಷಕ ಯಂತ್ರದ ಆಸರೆಯಲ್ಲಿದ್ದಾರೆ, ಸಾವನ್ನು ಘೋಷಿಸಿಲ್ಲ ಎಂಬ ಸ್ಪಷ್ಟೀಕರಣ ಬಂದಿತು. ಕೆಲವರು ತಮ್ಮ ಮಾತನ್ನು ಅಳಿಸಿದರು. ಕೆಲವರು ‘ಚೇತರಿಸಿಕೊಳ್ಳಲಿ’ ಎಂದು ಪ್ರಾರ್ಥಿಸತೊಡಗಿದರು. ಸಾವಿನ ಅಧಿಕೃತ ಘೋಷಣೆಯಾದದ್ದು 15ರ ಮುಂಜಾನೆ. ಅಲ್ಲಿಯವರೆಗೆ ಒಂದು ದಿನದ ಬಹುಭಾಗ ಆ ಮನೆಯವರು ತಮ್ಮ ಹುಡುಗನ ಉಸಿರಾಟ ಯಂತ್ರದ ಪಕ್ಕದಲ್ಲಿ ನಿಂತು ಅವನ ಶ್ರದ್ಧಾಂಜಲಿಗಳನ್ನು ಫೋನಿನಲ್ಲಿ ಕಾಣಬೇಕಾಗಿ ಬಂದಿರಬಹುದು.

ಇಲ್ಲಿ ಬರೆದವರೆಲ್ಲ ಅವಸರದ ಜನ, ಸುಳ್ಳರು ಎಂದು ತಳ್ಳಿಬಿಡುವುದು ಸುಲಭ. ಆದರೆ ಅದು ಸರಿಯಾದ ಓದಲ್ಲ. ಅವರು ಮನೆಯವರ ಮಾತನ್ನು ಕೇಳಿಯೇ ಬರೆದಿದ್ದರು. ತೊಡಕಿದ್ದದ್ದು ಆ ಮಾತಿನ ಅರ್ಥದಲ್ಲಿ. ಮನೆಯವರು ಹೇಳಿದ್ದು ಒಂದು ನಿರ್ಧಾರವನ್ನು. ಕೇಳಿದವರು ಓದಿಕೊಂಡದ್ದು ಒಂದು ಮರಣವಾರ್ತೆಯನ್ನು. ಈ ಎರಡರ ನಡುವೆ ಏನಿದೆ ಎಂಬುದನ್ನು ತುಸು ವಿವರವಾಗಿ ಹೇಳಬೇಕು. ಏಕೆಂದರೆ ಅಂಗಾಂಗ ದಾನ ಹೆಚ್ಚುತ್ತಿರುವ ಈ ಕಾಲದಲ್ಲಿ ಇದೇ ಗೊಂದಲ ನಮ್ಮ ಬೀದಿಯಲ್ಲೂ ಬರಬಹುದು.

ಮಿದುಳಿನ ಕಾಂಡ ಸತ್ತಿದೆಯೆಂದು ಒಬ್ಬ ವೈದ್ಯ ಕಣ್ಣಳತೆಯಲ್ಲಿ ಹೇಳಿದರೆ ಸಾಲದು. 1994ರ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ನಾಲ್ವರು ವೈದ್ಯರ ಮಂಡಲಿ ಅದನ್ನು ದೃಢಪಡಿಸಬೇಕು. ಪರೀಕ್ಷೆಗಳನ್ನು ಒಮ್ಮೆ ಮಾಡಿ, ಕನಿಷ್ಠ 6 ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬೇಕು. ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತದೆಯೇ, ಗಂಟಲು ಮುಟ್ಟಿದರೆ ಕೆಮ್ಮು ಬರುತ್ತದೆಯೇ ಎಂಬುದನ್ನೆಲ್ಲ ನೋಡಿ, ಕೊನೆಗೆ ಉಸಿರಾಟದ ಯಂತ್ರವನ್ನು ಸ್ವಲ್ಪ ಹೊತ್ತು ಬಿಡಿಸಿ, ರಕ್ತದಲ್ಲಿ ಇಂಗಾಲಾಮ್ಲ ಏರಿದಾಗಲಾದರೂ ದೇಹ ತಾನಾಗಿ ಉಸಿರೆಳೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಎರಡನೆಯ ಸುತ್ತಿನಲ್ಲೂ ಉತ್ತರ ಇಲ್ಲವೆಂದಾದಾಗಲೇ ಪ್ರಮಾಣಪತ್ರ. ಈ ಅವಧಿಯಲ್ಲಿ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ತಾಯಿಯಾದವಳು ಕೈ ಹಿಡಿದು ಕುಳಿತಿರುತ್ತಾಳೆ. ದಾನಕ್ಕೆ ಒಪ್ಪಿದವರ ಮನಸ್ಸು ಆ ಗಂಟೆಗಳಲ್ಲಿ ಕತ್ತಿಯ ಅಲಗಿನ ಮೇಲಿರುತ್ತದೆ. ಆಗ ಹೊರಗೆ ಜಗತ್ತು ‘ಸತ್ತನು’ ಎಂದು ಒಮ್ಮೆ, ‘ಸತ್ತಿಲ್ಲ’ ಎಂದು ಇನ್ನೊಮ್ಮೆ ಬರೆದರೆ, ಮನೆಯೊಳಗಿನ ಯಾರಾದರೊಬ್ಬ ಅಜ್ಜಿ, ‘ಹಾಗಾದರೆ ಜೀವ ಇದ್ದಾಗಲೇ ಕೊಯ್ದರೇನು?’ ಎಂದು ಕೇಳಬಹುದು. ಅಂತಹ ಪ್ರಶ್ನೆಗೆ ವೈದ್ಯರು ಹೇಳುವ ಉತ್ತರ ವರ್ಷಗಟ್ಟಲೆ ಸಮಾಧಾನ ಕೊಡದೆ ಹೋಗಬಹುದು. ಶ್ರದ್ಧಾಂಜಲಿಯೆಂಬ ನಾಲ್ಕು ಸಾಲಿಗೆ ಅಷ್ಟು ದೂರ ಹೋಗುವ ಶಕ್ತಿಯಿದೆ.

ಇದರಿಂದ ನಾನು ತಿಳಿದುಕೊಂಡಿರುವುದಿಷ್ಟು. ಒಂದು ಶ್ರದ್ಧಾಂಜಲಿಯಲ್ಲಿ ಎರಡು ಬೇರೆಬೇರೆ ವಸ್ತುಗಳು ಬೆರೆತಿರುತ್ತವೆ: ಸುದ್ದಿ ಒಂದು, ನೆನಪು ಒಂದು. ನೆನಪು ಬರೆಯುವವನ ಸೊತ್ತು. ಅದನ್ನು ಅವನಿಂದ ಯಾರೂ ಕಿತ್ತುಕೊಳ್ಳಲಾರರು. ಸುದ್ದಿ ಮಾತ್ರ ಮನೆಯವರ ಸೊತ್ತು. ನೆನಪು ಎರಡು ದಿನ ಕಾದರೆ ಹಳಸುವುದಿಲ್ಲ. ಹಳಸುವುದಾದರೆ ಅದು ನೆನಪಾಗಿರಲಿಲ್ಲ. ಕಾಯಲಾರದೆ ಚಡಪಡಿಸುವುದು ಸುದ್ದಿಯೇ. ಆ ಚಡಪಡಿಕೆ ಪತ್ರಿಕೋದ್ಯಮಿಯಲ್ಲಿ ವೃತ್ತಿಧರ್ಮವಾಗಬಹುದು. ನೆಂಟನಲ್ಲಿ, ಶಿಷ್ಯನಲ್ಲಿ, ನೆರೆಯವನಲ್ಲಿ ಅದಕ್ಕೆ ಬೇರೆ ಹೆಸರಿಡಬೇಕಾಗುತ್ತದೆ.

ಮನೆಯವರು ತಿಳಿಸಿದ್ದಾರೆಂದು ಗೊತ್ತುಮಾಡಿಕೊಳ್ಳುವುದು ಹೇಗೆ? ಇದಕ್ಕೆ ಲಕ್ಷಣಗಳಿವೆ. ತೀರಿಕೊಂಡವರ ಮಗನೋ ಮಗಳೋ ಒಡಹುಟ್ಟಿದವರೋ ತಮ್ಮ ಹೆಸರಿನಲ್ಲಿ ಬಹಿರಂಗವಾಗಿ ಬರೆದಿರಬೇಕು. ಇಲ್ಲವೆ ಅಂತ್ಯಸಂಸ್ಕಾರದ ಹೊತ್ತು ಮತ್ತು ಸ್ಥಳ ತಿಳಿಸುವ ಸಂದೇಶ, ಕಳಿಸಿದವರ ಹೆಸರಿನೊಡನೆ, ಹೊರಗಿನವರಿಗೆಂದೇ ಬಂದಿರಬೇಕು. ಸ್ಥಳ ಸಮಯಗಳಿಲ್ಲದ ಸಂದೇಶ ಸಾಮಾನ್ಯವಾಗಿ ಮೂರನೆಯವರ ಬಾಯಿಂದ ಬಂದದ್ದು. ಏಕೆಂದರೆ ಮನೆಯವರು ಲೋಕಕ್ಕೆ ಹೇಳಲು ಕುಳಿತಾಗ ಅವರ ತಲೆಯಲ್ಲಿರುವ ಮೊದಲ ಚಿಂತೆಯೇ ಅದು. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಬಂದ ಮಾತು ಮನೆಯೊಳಗಿನ ಮಾತೇ ಹೊರತು ಘೋಷಣೆಯಲ್ಲ. ಅದನ್ನು ಹೊರಗಿನ ಗುಂಪಿಗೆ ತಳ್ಳುವುದು, ಅಡುಗೆಮನೆಯಲ್ಲಿ ಕೇಳಿದ್ದನ್ನು ಬೀದಿಯಲ್ಲಿ ಕೂಗಿದಂತೆ. ಸಂದೇಹವಿದ್ದರೆ ಫೋನು ಮಾಡಿ ಕೇಳಬಹುದು; ಹೆಣವಿಟ್ಟ ಮನೆಗೆ ಬೇಡ, ಅವರ ಭಾವಮೈದುನನಿಗೋ ಪಕ್ಕದ ಮನೆಯವರಿಗೋ. ಅವರೂ ಅಳುಕಿದರೆ ಕಾಯುವುದೇ ಸರಿ.

ಇನ್ನು ಕೆಲವರು ಜಾಣತನದಿಂದ ನಿಯಮದ ಬೇಲಿ ಹಾರುತ್ತಾರೆ. ‘ನಮ್ಮ ಪ್ರೀತಿಯ ಮೇಷ್ಟರ ಬಗ್ಗೆ ಕೇಳುತ್ತಿರುವುದು ನಿಜವೇ? ಯಾರಾದರೂ ತಿಳಿಸಿ’ ಎಂದು ಗೋಡೆಯ ಮೇಲೆ ಪ್ರಶ್ನೆ ಬರೆಯುತ್ತಾರೆ. ವ್ಯಾಕರಣದಲ್ಲಿ ಅದು ಪ್ರಶ್ನೆ, ಪರಿಣಾಮದಲ್ಲಿ ಘೋಷಣೆ. ಬೇರೆ ಕೆಲವರು ಹೆಸರಿಲ್ಲದೆ ಒಂದು ದೀಪದ ಚಿತ್ರವನ್ನೋ ಕಪ್ಪು ಚೌಕವನ್ನೋ ಸ್ಟೇಟಸ್ಸಿಗೆ ಹಾಕಿ ಸುಮ್ಮನಾಗುತ್ತಾರೆ. ಅದನ್ನು ನೋಡಿದ ಅರವತ್ತು ಮಂದಿ ತಮಗೆ ಗೊತ್ತಿರುವ ಕಾಯಿಲೆಯವರ ಮನೆಗಳಿಗೆಲ್ಲ ಫೋನು ಮಾಡಲು ತೊಡಗುತ್ತಾರೆ. ಧ್ವನಿ ಕಾವ್ಯಕ್ಕೆ ಒಳ್ಳೆಯದು. ಇಲ್ಲಿ ಅದರ ಬಳಕೆ ಬೇಡ.

ಘೋಷಣೆಯನ್ನು ಕಾಯುವುದರಿಂದ ಇನ್ನೊಂದು ಪ್ರಯೋಜನವೂ ಉಂಟು. ಸತ್ತ ಸುದ್ದಿಯ ಜತೆಗೆ ತಮಗೇನು ಬೇಕು, ಏನು ಬೇಡ ಎಂಬುದನ್ನೂ ಅನೇಕ ಮನೆಗಳು ಅದರಲ್ಲೇ ಹೇಳುತ್ತವೆ. ಗಿರೀಶ ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ಸರ್ಕಾರಿ ಗೌರವ ಬೇಡ, ಮೆರವಣಿಗೆ ಬೇಡ, ಸಾರ್ವಜನಿಕ ದರ್ಶನ ಬೇಡ ಎಂದು ಮನೆಯವರು ತಿಳಿಸಿದರು. ಕಲ್ಪಳ್ಳಿಯ ಚಿತಾಗಾರದಲ್ಲಿ ಸರಳವಾಗಿ ಸಂಸ್ಕಾರ ನಡೆಯಿತು. ಮೊದಲೇ ‘ಪೂರ್ಣ ಸರ್ಕಾರಿ ಗೌರವದೊಂದಿಗೆ ಬೀಳ್ಕೊಡಬೇಕು’ ಎಂದು ಬರೆದು ನೂರು ಜನರ ಸಹಿ ಕೂಡಿಸಹೊರಟವನ ಸ್ಥಿತಿಯನ್ನು ಊಹಿಸಿಕೊಳ್ಳಿ! ಅವನ ಪ್ರೀತಿಯೇ ಸತ್ತವರ ಮಾತಿಗೆ ಎದುರಾಗಿ ನಿಂತಿತು. ಅರ್ಧ ದಿನ ಕಾದಿದ್ದರೆ, ಆ ನಾಟಕಕಾರನ ಕೊನೆಯ ಈ ನಿಲುವು ಅವನ ಬರವಣಿಗೆಗೆ ಒಳ್ಳೆಯ ವಸ್ತುವಾಗುತ್ತಿತ್ತು.

ಟ್ಯಾಗಿನ ವಿಚಾರಕ್ಕೆ ಬರುತ್ತೇನೆ. ಬಹಳ ಜನ ಇದನ್ನು ಕೇವಲ ಗೌರವವೆಂದು ತಿಳಿದಿದ್ದಾರೆ. ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ಹಾಕಿದಂತೆ. ವಾಸ್ತವವಾಗಿ ಟ್ಯಾಗು ಒಂದು ಯಂತ್ರ. ಒಬ್ಬರ ಹೆಸರನ್ನು ಹಚ್ಚಿದೊಡನೆ ಅದು ಎರಡು ಕೆಲಸ ಮಾಡುತ್ತದೆ. ಹೆಸರಿನವರ ಫೋನಿಗೆ ಸೂಚನೆ ಹೋಗುತ್ತದೆ. ಜತೆಗೆ, ನಾವು ನಮ್ಮ ಸ್ನೇಹಿತರಿಗೆ ಮಾತ್ರ ಎಂದು ಬರೆದದ್ದು ಆ ಹೆಸರಿನವರ ಸ್ನೇಹಿತವರ್ಗಕ್ಕೂ ಕಾಣುವಂತಾಗುತ್ತದೆ, ಅವರೋ ನಾವೋ ಅದನ್ನು ಮೊದಲೇ ತಡೆದಿರದಿದ್ದರೆ. ಹೀಗಾಗಿ ತೀರಿಕೊಂಡವರ ಹೆಸರನ್ನು ಹಚ್ಚಿದರೆ, ನಮಗೆ ಪರಿಚಯವೇ ಇಲ್ಲದ ಅವರ ಸೋದರಸೊಸೆ, ಬಾಲ್ಯದ ಗೆಳತಿ, ಕಚೇರಿಯವರು, ಎಲ್ಲರಿಗೂ ನಮ್ಮ ಮೂಲಕವೇ ಸಾವು ಗೊತ್ತಾಗುತ್ತದೆ.

ನನಗೆ ತೀರ ಹತ್ತಿರದ ಒಂದು ಕುಟುಂಬದಲ್ಲಿ ನಡೆದುದನ್ನು ಹೇಳುತ್ತೇನೆ. ನಿವೃತ್ತ ಅಧ್ಯಾಪಕರೊಬ್ಬರು ಚಳಿಗಾಲದ ಒಂದು ಬೆಳಗ್ಗೆ ಸುಮಾರು 6 ಗಂಟೆಗೆ ತೀರಿಕೊಂಡರು. ಮಗ ಜತೆಯಲ್ಲಿದ್ದ, ಮಗಳು ನ್ಯೂಜರ್ಸಿಯಲ್ಲಿ. ಇಲ್ಲಿ ಆರೂವರೆಯಾದಾಗ ಅಲ್ಲಿ ಹಿಂದಿನ ದಿನದ ರಾತ್ರಿ 8 ಗಂಟೆ. ಅಕ್ಕ ಕೆಲಸದಿಂದ ಮನೆಗೆ ಕಾರು ಓಡಿಸಿಕೊಂಡು ಬರುವ ಹೊತ್ತು ಅದೆಂದು ತಮ್ಮನಿಗೆ ಗೊತ್ತಿತ್ತು. ‘ಅವಳು ಮನೆ ಸೇರಲಿ, ಭಾವನಿಗೆ ಮೊದಲು ಹೇಳುತ್ತೇನೆ’ ಎಂದು ಅವನು ಅರ್ಧ ಗಂಟೆ ತಡೆದ. ಅಷ್ಟರೊಳಗೆ, ಆಸ್ಪತ್ರೆಗೆ ಕಾಫಿಯ ಫ್ಲಾಸ್ಕು ತಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಮೇಷ್ಟರ ಹೆಸರನ್ನೂ ಮಕ್ಕಳಿಬ್ಬರ ಹೆಸರನ್ನೂ ಹಚ್ಚಿ ನಾಲ್ಕು ಸಾಲು ಬರೆದ. ಸಾಲುಗಳು ಚೆನ್ನಾಗಿಯೇ ಇದ್ದವು. ಕಣ್ಣೀರು ಹಾಕುತ್ತಲೇ ಬರೆದಿದ್ದನೆಂಬುದರಲ್ಲಿ ನನಗೆ ಅನುಮಾನವಿಲ್ಲ. ಹೆದ್ದಾರಿಯ ಮೇಲೆ ಫೋನಿನ ಪರದೆ ಬೆಳಗಿತು. ಆಕೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಒಬ್ಬಳೇ ಎಷ್ಟು ಹೊತ್ತು ಕುಳಿತಿದ್ದಳೋ. ‘ಅಪ್ಪಯ್ಯ ಹೋದದ್ದನ್ನು ನನಗೆ ನೀನು ಹೇಳಲಿಲ್ಲವಲ್ಲೋ’ ಎಂದು ತಮ್ಮನನ್ನು ಕೇಳಿದಳಂತೆ. ಮೂರು ವರ್ಷವಾದರೂ ಆ ಮಾತು ಅವರಿಬ್ಬರ ನಡುವೆ ಹಾಗೆಯೇ ಇದೆ. ತಮ್ಮ ತಡಮಾಡಿದ್ದು ಅವಳ ಮೇಲಿನ ಅಕ್ಕರೆಯಿಂದ. ಆ ಅಕ್ಕರೆಯನ್ನೇ ಟ್ಯಾಗು ಅಪರಾಧವಾಗಿ ತಿರುಗಿಸಿತು.

ಘೋಷಣೆಯಾದ ಮೇಲೂ ಮನೆಯವರ ಹೆಸರನ್ನು ಹಚ್ಚುವುದರಲ್ಲಿ ಅರ್ಥವಿಲ್ಲ. ಮೂವತ್ತು ಜನ ಹಚ್ಚಿದರೆ ಮೂವತ್ತು ಸೂಚನೆಗಳು. ಮಸಣದಲ್ಲಿ ಮಡಕೆ ಹೊತ್ತವನ ಜೇಬು ಗುಂಯ್‌ಗುಡುತ್ತಿರುತ್ತದೆ. ಅವರು ನಮ್ಮ ಮಾತನ್ನು ಓದಬೇಕೆಂದು ನಮಗೆ ನಿಜವಾಗಿ ಇದ್ದರೆ, ಅವರೇ ಬರೆದ ಘೋಷಣೆಯ ಕೆಳಗೆ ಬರೆಯಬಹುದು, ಅಥವಾ ಹದಿಮೂರು ದಿನ ಕಳೆದ ಮೇಲೆ ಅವರಿಗೊಂದು ಪ್ರತ್ಯೇಕ ಸಂದೇಶ ಕಳಿಸಬಹುದು. ಸತ್ತವರ ಹೆಸರನ್ನು ಹಚ್ಚುವುದಾದರೆ ಮನೆಯವರನ್ನು ಒಂದು ಮಾತು ಕೇಳಿ ಹಚ್ಚುವುದು ಮೇಲು; ಆ ಪುಟಕ್ಕೆ ಈಗ ಅವರೇ ವಾರಸುದಾರರು.

ವಾರಸುದಾರರೆಂಬ ಮಾತು ಬಂದಿತಾದ್ದರಿಂದ, ಸಾಕಷ್ಟು ಜನಕ್ಕೆ ತಿಳಿಯದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ತೀರಿಕೊಂಡವರ ಫೇಸ್‌ಬುಕ್ ಖಾತೆಯನ್ನು ‘ಸ್ಮಾರಕ ಖಾತೆ’ಯಾಗಿ ಮಾರ್ಪಡಿಸಿಕೊಡಿರೆಂದು, ಮರಣದ ಪುರಾವೆ ತೋರಿಸಿ, ಸ್ನೇಹಿತರೂ ಅರ್ಜಿ ಹಾಕಬಹುದು. ಆಮೇಲೆ ಹೆಸರಿನ ಬಳಿ ‘ರಿಮೆಂಬರಿಂಗ್’ ಎಂಬ ಪದ ಕಾಣಿಸಿಕೊಳ್ಳುತ್ತದೆ. ಹುಟ್ಟುಹಬ್ಬದ ಜ್ಞಾಪನೆಗಳು ನಿಲ್ಲುತ್ತವೆ. ಇಷ್ಟು ಒಳ್ಳೆಯದೇ. ಆದರೆ ಒಮ್ಮೆ ಹಾಗಾದ ಮೇಲೆ, ಸರಿಯಾದ ಗುಪ್ತಪದ ಗೊತ್ತಿದ್ದರೂ ಯಾರೂ ಆ ಖಾತೆಯ ಒಳಹೊಗಲಾರರು. ಹೆಂಡತಿ ಗಂಡನ ಫೋನಿನಿಂದ ಹಳೆಯ ಸಂದೇಶಗಳನ್ನು ಓದುತ್ತಿದ್ದರೆ ಅದೂ ಅಲ್ಲಿಗೆ ಮುಗಿಯಿತು. ಬದುಕಿದ್ದಾಗಲೇ ‘ಲೆಗಸಿ ಕಾಂಟ್ಯಾಕ್ಟ್’ ಎಂದು ಒಬ್ಬರನ್ನು ನೇಮಿಸಿಟ್ಟಿದ್ದರೆ ಅವರು ಮುಖಚಿತ್ರ ಬದಲಾಯಿಸಬಹುದು, ಶ್ರದ್ಧಾಂಜಲಿಗಳನ್ನು ಯಾರು ಬರೆಯಬಹುದೆಂದು ನಿಶ್ಚಯಿಸಬಹುದು, ಬೇಡದ ಟ್ಯಾಗುಗಳನ್ನು ಕೀಳಬಹುದು. ಸಂದೇಶಗಳನ್ನು ಮಾತ್ರ ಅವರೂ ಓದಲಾರರು. ಉಪಕಾರ ಮಾಡುತ್ತೇನೆಂದು ಮೂರನೆಯ ದಿನವೇ ಅರ್ಜಿ ಹಾಕುವ ಸ್ನೇಹಿತ, ಅರಿಯದೆಯೇ, ಆ ಮನೆಯ ಒಂದು ಪೆಟ್ಟಿಗೆಗೆ ಬೀಗ ಜಡಿದು ಕೀಲಿಕೈಯನ್ನು ಬಾವಿಗೆ ಎಸೆದಿರುತ್ತಾನೆ. ಈ ಅರ್ಜಿ ಮನೆಯವರ ಕೆಲಸ.

ಚಿತ್ರದ ಮಾತು ಇಷ್ಟು ಸರಳವಲ್ಲ. ಪಾರ್ಥಿವ ಶರೀರದ ಚಿತ್ರವನ್ನು ಹಾಕಲೇಬಾರದೆಂದು ಕೆಲವರು ಕಟ್ಟುನಿಟ್ಟಾಗಿ ಹೇಳುತ್ತಾರೆ. ನಮ್ಮ ಪದ್ಧತಿಗಳನ್ನು ನೋಡಿದರೆ ಹಾಗೆ ಹೇಳುವುದು ಕಷ್ಟ. ಲಿಂಗಾಯತರಲ್ಲಿ ಶರೀರವನ್ನು ಕುಳ್ಳಿರಿಸಿ, ಹೂವಿನಿಂದ ಅಲಂಕರಿಸಿ, ಮನೆಮಂದಿ ಸುತ್ತ ನಿಂತು, ಸ್ಟುಡಿಯೋದವರನ್ನು ಕರೆಸಿ ಚಿತ್ರ ತೆಗೆಸುವುದುಂಟು. ಬೇರೆ ಜಾತಿಗಳಲ್ಲೂ ಹೀಗೆ ತೆಗೆಸಿದ ಚಿತ್ರಗಳು ಹಳೆಯ ಮನೆಗಳ ಟ್ರಂಕುಗಳಲ್ಲಿವೆ. ಬೇರೆ ಒಂದು ಚಿತ್ರವನ್ನೂ ತೆಗೆಸಿಕೊಳ್ಳದೆ ಬದುಕಿದ ಅಜ್ಜಿಗೆ ಅದೇ ಮೊದಲನೆಯದೂ ಕೊನೆಯದೂ ಆದ ಚಿತ್ರ. ಅದರಲ್ಲಿ ಅಗೌರವ ಕಾಣುವವನಿಗೆ ಜನಜೀವನ ಗೊತ್ತಿಲ್ಲವೆನ್ನಬೇಕು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಆ ಚಿತ್ರವನ್ನು ಮನೆಯವರು ಬೇಕೆಂದು ತೆಗೆಸಿದರು, ಅಣಿಗೊಳಿಸಿ ತೆಗೆಸಿದರು, ಯಾರಿಗೆ ತೋರಿಸಬೇಕೋ ಅವರಿಗೆ ತೋರಿಸಿದರು. ಇಂದು ನೋಡಲು ಬಂದವನು ಹಾರ ಹಾಕುವ ನೆಪದಲ್ಲಿ ಕೈ ಎತ್ತಿ ಮೇಲಿನಿಂದ ತೆಗೆಯುವ ಚಿತ್ರದಲ್ಲಿ ಮೂಗಿನ ಹತ್ತಿ ಕಾಣುತ್ತದೆ, ಬಿಗಿದು ಕಟ್ಟಿದ ಗಲ್ಲ ಕಾಣುತ್ತದೆ, ಪಕ್ಕದಲ್ಲಿ ತಲೆ ಕೆದರಿ ಬಾಯಿ ತೆರೆದು ಅಳುತ್ತಿರುವ ಹೆಂಡತಿ ಕಾಣುತ್ತಾಳೆ. ಸತ್ತವರಿಗೆ ಇಲ್ಲದ ಸಂಕೋಚ ಬದುಕಿರುವ ಆಕೆಗಿದೆ. ಆಕೆಯ ಒಪ್ಪಿಗೆಯನ್ನು ಯಾರು ಕೇಳಿದರು? ತೀವ್ರನಿಗಾ ಘಟಕದ ನಳಿಕೆಗಳ ನಡುವಿನ ಮುಖವನ್ನು ತೆಗೆದು ಹಾಕುವವರ ವಿಷಯದಲ್ಲಂತೂ ಚರ್ಚೆಗೇ ಎಡೆಯಿಲ್ಲ.

ಇನ್ನೊಂದು ಬಗೆಯ ಚಿತ್ರ ಮೇಲುನೋಟಕ್ಕೆ ನಿರ್ದೋಷಿ: ಸತ್ತವರ ಜತೆ ನಾನು. ಸಾಹಿತ್ಯ ಸಮ್ಮೇಳನದ ವೇದಿಕೆಯಲ್ಲಿ, ವಿಮಾನ ನಿಲ್ದಾಣದಲ್ಲಿ, ಮದುವೆಮನೆಯಲ್ಲಿ. ಚಿತ್ರದಲ್ಲಿ ಬರೆದವನ ಮುಖ ನಗುತ್ತಿದೆ. ಸತ್ತವರು ಅರ್ಧ ಪಕ್ಕಕ್ಕೆ ತಿರುಗಿದ್ದಾರೆ, ಪಾಪ, ಯಾರೋ ಕರೆದರೆಂದು. ಇದನ್ನು ವಿಮರ್ಶಕನ ಕಣ್ಣಿನಿಂದ ನೋಡಿದರೆ ಕೃತಿಯ ನಾಯಕ ಯಾರೆಂಬುದು ಕೂಡಲೇ ತಿಳಿಯುತ್ತದೆ. ಇಬ್ಬರೂ ಇರುವ ಚಿತ್ರ ಬಿಟ್ಟು ಬೇರೆ ಇಲ್ಲವೆಂದಾದರೆ ಅದನ್ನೇ ಹಾಕಲಿ. ಎರಡು ಇದ್ದಲ್ಲಿ ಸತ್ತವರು ಕ್ಯಾಮೆರಾವನ್ನು ನೇರವಾಗಿ ನೋಡುತ್ತಿರುವುದನ್ನು ಆರಿಸಲಿ. ತಿಥಿಯ ದಿನ ಮನೆಯವರು ಚೌಕಟ್ಟು ಹಾಕಿಸಲು ಒಂದು ಚಿತ್ರ ಹುಡುಕುತ್ತಿರುತ್ತಾರೆ. ನಮ್ಮ ಬಳಿ ಒಳ್ಳೆಯ ಚಿತ್ರವಿದ್ದರೆ ಅದನ್ನು ಗೋಡೆಗೆ ಹಾಕುವುದಕ್ಕಿಂತ ಮೊದಲು ಅವರಿಗೆ ಕಳಿಸುವುದು ಎಷ್ಟೋ ಹೆಚ್ಚಿನ ಉಪಕಾರ.

ಕೊನೆಗೆ ಮಾತು. ‘ಓಂ ಶಾಂತಿ’ ಎಂಬೆರಡು ಪದಗಳನ್ನು ಹೀಗಳೆಯುವುದು ಬುದ್ಧಿವಂತರಲ್ಲಿ ರೂಢಿಯಾಗಿದೆ. ನನಗೆ ಅವು ಅಷ್ಟು ಕೆಟ್ಟವೆನಿಸುವುದಿಲ್ಲ. ಬಾಗಿಲಲ್ಲಿ ನಿಂತು ಕೈಮುಗಿದು ಹೋದವನಂತೆ ಅವು. ಹೆಚ್ಚು ಪರಿಚಯವಿಲ್ಲದವನು ಅಷ್ಟೇ ಮಾಡಬೇಕು. ನನ್ನನ್ನು ಕೆಣಕುವುದು ‘ಮೊನ್ನೆಯಷ್ಟೇ ನನ್ನೊಡನೆ ಮಾತನಾಡಿದ್ದರು’ ಎಂದು ಶುರುವಾಗುವ ಬರವಣಿಗೆ. ಮೂರನೆಯ ವಾಕ್ಯಕ್ಕೆ ಸತ್ತವರು ಬರೆದವನ ಪುಸ್ತಕವನ್ನು ಹೊಗಳುತ್ತಾರೆ. ಐದನೆಯದರಲ್ಲಿ ಅವನಿಗೆ ಒಂದು ಜವಾಬ್ದಾರಿಯನ್ನು ವಹಿಸುತ್ತಾರೆ. ಮುಗಿಯುವ ಹೊತ್ತಿಗೆ ಅವರ ಉತ್ತರಾಧಿಕಾರಿ ಯಾರೆಂಬುದು ಸ್ಪಷ್ಟವಾಗಿರುತ್ತದೆ. ಸಾಕ್ಷಿ ಹೇಳಬೇಕಾದವರು ಈಗ ಇಲ್ಲವೆಂಬುದು ಇಂತಹ ಬರಹದ ಅನುಕೂಲ.

ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅವರು ತಾವು ಕಂಡ ಹಿರಿಯರನ್ನು, ಮುಳಬಾಗಿಲಿನ ಸಾಮಾನ್ಯ ಜನರನ್ನು ಕುರಿತು ಬರೆದದ್ದು ಎಷ್ಟೋ ದಶಕಗಳು ಕಳೆದ ಮೇಲೆ. ಅಲ್ಲಿಯೂ ‘ನಾನು’ ಇದೆ. ಆದರೆ ಅದು ಲಾಂದ್ರ ಹಿಡಿದವನ ಕೈಯಂತೆ, ಬೆಳಕು ಬೀಳುವುದು ಎದುರಿನವರ ಮುಖದ ಮೇಲೆ. ಎಲ್ಲರೂ ಹಾಗೆ ಬರೆಯಬೇಕೆಂದು ನಾನು ಕೇಳುತ್ತಿಲ್ಲ, ಕೇಳಿದರೆ ಹುಚ್ಚುತನ. ಆ ಬರವಣಿಗೆಯ ಮರ್ಮ ಮಾತ್ರ ಎಲ್ಲರಿಗೂ ಎಟುಕುವಂಥದು: ಸತ್ತವರು ಮಾಡುತ್ತಿದ್ದ, ಆಡುತ್ತಿದ್ದ ಒಂದು ನಿರ್ದಿಷ್ಟ ಸಂಗತಿ, ಮನೆಯವರಿಗೆ ಗೊತ್ತಿರದ ಸಂಗತಿ. ಮನೆಯವರಿಗೆ ನಾವು ಕೊಡಬಹುದಾದದ್ದು ಅದೊಂದೇ.

ಮೇಲೆ ಹೇಳಿದ ಅಧ್ಯಾಪಕರ ಬಗ್ಗೆಯೇ, ಅವರು ಹೋಗಿ ಮೂರು ವಾರವಾದ ಮೇಲೆ, ಅಂಚೆ ಕಚೇರಿಯ ಗುಮಾಸ್ತರೊಬ್ಬರು ಬರೆದದ್ದನ್ನು ಓದಿದೆ. ಯಾರ ಹೆಸರನ್ನೂ ಹಚ್ಚಿರಲಿಲ್ಲ. ಚಿತ್ರವೂ ಇರಲಿಲ್ಲ. ಪ್ರತಿ ತಿಂಗಳು ಪಿಂಚಣಿ ತೆಗೆದುಕೊಳ್ಳಲು ಬಂದಾಗ ಈ ಮೇಷ್ಟರು ಸಾಲಿನಲ್ಲಿದ್ದ ಓದುಬಾರದ ಮುದುಕಿಯರ ಚೀಟಿಗಳನ್ನು ತುಂಬಿಕೊಟ್ಟು, ಆಮೇಲೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದರಂತೆ. ಗಾಂಧಿ ಚಿತ್ರದ ಹಳೆಯ ಸ್ಟಾಂಪು ಇದೆಯೇ ಎಂದು ಪ್ರತಿಸಲ ಕೇಳಿ, ಇಲ್ಲವೆಂದಾಗ ಪ್ರತಿಸಲ ನಗುತ್ತಿದ್ದರಂತೆ. ಇಷ್ಟೇ, ಎಂಟು ಸಾಲು. ನ್ಯೂಜರ್ಸಿಯ ಮಗಳು ಅದರ ಕೆಳಗೆ, ‘ಅಪ್ಪಯ್ಯ ಸ್ಟಾಂಪು ಕೂಡಿಸುತ್ತಿದ್ದರೆಂದು ನಮಗೆ ಗೊತ್ತೇ ಇರಲಿಲ್ಲ, ಆ ಪುಸ್ತಕ ಎಲ್ಲಿಟ್ಟಿದ್ದಾರೆಂದು ನಿಮಗೇನಾದರೂ ಹೇಳಿದ್ದರೇ?’ ಎಂದು ಕೇಳಿದ್ದಳು.

ಈ ಬರಹಗಳಿಗೆ ಇನ್ನೊಂದು ವಿಚಿತ್ರ ಗುಣವಿದೆ. ಪತ್ರಿಕೆಯ ಶ್ರದ್ಧಾಂಜಲಿ ಮರುದಿನ ಹಳೆಯ ಕಾಗದವಾಗುತ್ತದೆ. ಫೇಸ್‌ಬುಕ್ಕಿನದು ವರ್ಷ ತಿರುಗಿದಾಗ ಅದೇ ತಾರೀಖಿನಂದು ‘ನಿಮ್ಮ ನೆನಪುಗಳು’ ಎಂದು ಬರೆದವನಿಗೆ ತಾನಾಗಿ ಎದುರಾಗುತ್ತದೆ, ಹೆಸರು ಹಚ್ಚಿಸಿಕೊಂಡವರಿಗೂ ಎದುರಾಗುವುದುಂಟು. ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಬರೆದ ನಾಲ್ಕು ಸಾಲು ಪ್ರತಿ ಚಳಿಗಾಲದಲ್ಲೂ ಆ ಮಗಳ ಫೋನಿಗೆ ಬರುತ್ತಿದೆ. ಅದನ್ನು ಬರೆದ ಹುಡುಗ ತನ್ನ ಪುಟಕ್ಕೆ ಹೋಗಿ ಅವಳ ಹೆಸರನ್ನು ಬಿಡಿಸಿದರೆ ಅಷ್ಟಾದರೂ ನಿಲ್ಲುತ್ತದೆ. ಎರಡು ನಿಮಿಷದ ಕೆಲಸ.